ಗಡಿಯಾರ ನೋಡದೆ ಹ್ಯಾಮರ್ ನಂಬಬೇಡಿ

ಪ್ರಶ್ನೆ: ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಶೇರಿನ ಚಾರ್ಟ್ ಸ್ಕ್ರೀನ್‌ಶಾಟ್ ಹಾಕಿದ್ದಾರೆ. ಕೊನೆಯ ಕ್ಯಾಂಡಲ್‌ಗೆ ಕೆಳಗೆ ಉದ್ದ ಬಾಲ ಇದೆ. "ಇದು ಹ್ಯಾಮರ್, ನಾಳೆ ಏರುತ್ತದೆ" ಅಂತಾರೆ. ಬರೀ ಚಿತ್ರ ನೋಡಿ ಇದನ್ನು ನಂಬಬಹುದಾ?

ಕ್ಯಾಂಡಲ್ ಆಮೇಲೆ ನೋಡುವ, ಮೊದಲು ಚಿತ್ರದ ನೆತ್ತಿ ನೋಡಿ. ಫೋನಿನ ಗಡಿಯಾರ ಎಷ್ಟು ತೋರಿಸುತ್ತಿದೆ? ನಮ್ಮ ಮಾರುಕಟ್ಟೆ ಬೆಳಿಗ್ಗೆ 9:15ಕ್ಕೆ ತೆರೆದು ಮಧ್ಯಾಹ್ನ 3:30ಕ್ಕೆ ಮುಚ್ಚುತ್ತದೆ. ಮೂಲೆಯಲ್ಲಿ 1D, ಅಂದರೆ ದಿನಕ್ಕೊಂದು ಕ್ಯಾಂಡಲ್, ಅಂತಿದ್ದು ಗಡಿಯಾರದಲ್ಲಿ ಮಧ್ಯಾಹ್ನ 1:50 ಇದ್ದರೆ, ಆ ಕ್ಯಾಂಡಲ್ ಇನ್ನೂ ಅರ್ಧ ಬೆಂದ ಅನ್ನ.

ನಾನು ಉಡುಪಿಯವ. ಮೂರು ವರ್ಷದ ಹಿಂದೆ ರಥಬೀದಿಯ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಂಥದೇ ಒಂದು ಚಿತ್ರ ನೋಡಿ ಶೇರು ಕೊಂಡಿದ್ದೆ. ಆ ದಿನದ ಲೆಕ್ಕ ಹೀಗಿತ್ತು: ದಿನ ಶುರುವಾದ ಬೆಲೆ ಅಂದರೆ ಓಪನ್ 412, ಅತಿ ಹೆಚ್ಚು ಅಂದರೆ ಹೈ 415, ಅತಿ ಕಡಿಮೆ ಅಂದರೆ ಲೋ 396, ಚಿತ್ರ ತೆಗೆದಾಗಿನ ಬೆಲೆ 413. ಓಪನ್‌ಗೂ ಕೊನೆಯ ಬೆಲೆಗೂ ನಡುವಿನ ದಪ್ಪ ಭಾಗವೇ ಬಾಡಿ, ಅಂದರೆ ಇಲ್ಲಿ ಬರೀ 1 ರೂಪಾಯಿ. ಬಾಡಿಯ ತಳ 412ರಿಂದ ಲೋ 396ರವರೆಗಿನ ಗೆರೆ ಕೆಳಗಿನ ವಿಕ್, 16 ರೂಪಾಯಿ. ಮೇಲಿನ ವಿಕ್ 2 ರೂಪಾಯಿ. ಕೆಳಗಿನ ವಿಕ್ ಬಾಡಿಯ ಎರಡು ಪಟ್ಟಾದರೂ ಇರಬೇಕು, ಮೇಲಿನದು ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣ ಇರಬೇಕು ಅಂತ ಹ್ಯಾಮರ್‌ಗೆ ಹೇಳುವುದುಂಟು. ಬಾಡಿ ತೀರಾ ಸಣ್ಣದು, ಆದರೂ ನೋಡಲಿಕ್ಕೆ ಚಂದದ ಸುತ್ತಿಗೆಯೇ.

3:30ಕ್ಕೆ ಅದು ಮುಗಿದದ್ದು 399ರಲ್ಲಿ. ಈಗ ಪುನಃ ಲೆಕ್ಕ ಹಾಕಿ: ಬಾಡಿ 13 ರೂಪಾಯಿ, ಅದೂ ಕೆಂಪು. ಕೆಳಗಿನ ವಿಕ್ 3, ಮೇಲಿನದೂ 3. ಓಪನ್, ಹೈ, ಲೋ ಮೂರೂ ಹಾಗೆಯೇ ಇವೆ, ಬದಲಾದದ್ದು ಒಂದೇ ಸಂಖ್ಯೆ. ಮಧ್ಯಾಹ್ನ ಬಾಲವಾಗಿದ್ದ ಜಾಗವನ್ನು ಸಂಜೆಗೆ ಬಾಡಿ ನುಂಗಿಬಿಟ್ಟಿತ್ತು ಮಾರಾಯ್ರೆ. ಗ್ರೂಪಿನಲ್ಲಿ ಮಾತ್ರ ಆ ಸುತ್ತಿಗೆಯ ಚಿತ್ರ ಇವತ್ತಿಗೂ ಹಾಗೇ ಉಂಟು. ಗಡಿಯಾರದ ಭಾಗ ಕತ್ತರಿಸಿ ಹಾಕಿದ್ದರೆ "ಎಷ್ಟು ಗಂಟೆಗೆ ತೆಗೆದದ್ದು?" ಅಂತ ಕೇಳಿ. ಇಲ್ಲವಾದರೆ ಸಂಜೆ ನಿಮ್ಮದೇ ಆ್ಯಪ್‌ನಲ್ಲಿ ಅದೇ ದಿನದ ಕ್ಯಾಂಡಲ್ ಒತ್ತಿ ನಾಲ್ಕು ಸಂಖ್ಯೆ ತಾಳೆ ನೋಡಿ.

ಸರಿ, ದಿನ ಮುಗಿದ ಮೇಲೂ ಹ್ಯಾಮರ್ ಹ್ಯಾಮರ್ ಆಗಿಯೇ ಉಳಿಯಿತು ಅಂತಿಟ್ಟುಕೊಳ್ಳುವ. ಆಗ ಅದರ ಎಡಬದಿ ನೋಡಬೇಕು. ಬೆಲೆ ಕೆಲವು ದಿನ ಇಳಿದು ಬಂದ ಮೇಲೆ ಈ ಆಕಾರ ಬಂದರೆ ಮಾತ್ರ ಅದಕ್ಕೆ ಹ್ಯಾಮರ್ ಅನ್ನುವುದು. ಏರಿ ಏರಿ ಮೇಲೆ ನಿಂತಾಗ ಬಂದರೆ ಇದೇ ಆಕಾರಕ್ಕೆ ಹ್ಯಾಂಗಿಂಗ್ ಮ್ಯಾನ್ ಅಂತ ಹೆಸರು, ಅರ್ಥವೂ ತಿರುಗಾ ಮುರುಗಾ. ಚಿತ್ರದಲ್ಲಿ ಐದಾರು ಕ್ಯಾಂಡಲ್ ಮಾತ್ರ ಕಂಡರೆ ಯಾವುದು ಅಂತ ಹೇಳಲಿಕ್ಕೆ ಆಗುವುದಿಲ್ಲ. ಬಾಲದ ಉದ್ದವನ್ನೂ ಕಣ್ಣಳತೆಯಲ್ಲಿ ನಂಬಬೇಡಿ. ಪರದೆ ತುಂಬುವ ಹಾಗೆ ಆ್ಯಪ್ ತಾನೇ ಹಿಗ್ಗಿಸುತ್ತದೆ, 3 ರೂಪಾಯಿಯ ವಿಕ್ ಕೂಡ ತೆಂಗಿನ ಮರದಷ್ಟು ಕಾಣಬಹುದು. ಬಲಗಡೆಯ ಬೆಲೆಪಟ್ಟಿಯಲ್ಲಿ ಓದಿ, ಹಿಂದಿನ ಹತ್ತು ದಿನದ ಕ್ಯಾಂಡಲ್‌ಗಳ ಪಕ್ಕ ಇಟ್ಟು ನೋಡಿ. ಅವೂ ದಿನಕ್ಕೆ 18-20 ರೂಪಾಯಿ ಓಡಾಡಿದ್ದರೆ ಈ 16ರಲ್ಲಿ ವಿಶೇಷ ಎಂಥದೂ ಇಲ್ಲ.

ಇನ್ನೊಂದು ವಿಷಯ, ವಿಕ್‌ಗೆ ಸಮಯ ಗೊತ್ತಿಲ್ಲ. ಮಲ್ಪೆ ಬಂದರಿನಲ್ಲಿ ಬಂಗುಡೆ ಏಲಂ ಹಾಗೆಯೇ: ದೋಣಿಗಳು ಒಟ್ಟಿಗೆ ಬಂದು ದರ ಬಿತ್ತಾ, ಆಮೇಲೆ ಖರೀದಿದಾರರು ಮುಗಿಬಿದ್ದು ಎತ್ತಿದರಾ ಅಂತ ದಿನದ ಕಡಿಮೆ ದರ ಒಂದನ್ನೇ ಕೇಳಿದವರಿಗೆ ತಿಳಿಯುವುದಿಲ್ಲ. ಲೋ 396 ಬಂದದ್ದು 9:20ರ ಗಡಿಬಿಡಿಯಲ್ಲಿ ಎರಡೇ ನಿಮಿಷವಾ, ಅಥವಾ ಒಂದು ಗಂಟೆಯವರೆಗೆ ಇಳಿದು ಆಮೇಲೆ ನಿಧಾನ ಖರೀದಿ ಬಂತಾ? ಅದೇ ದಿನವನ್ನು 15 ನಿಮಿಷದ ಚಾರ್ಟ್‌ನಲ್ಲಿ ತೆರೆದರೆ 25 ಕ್ಯಾಂಡಲ್ ಸಿಗುತ್ತದೆ, ಕತೆ ಅಲ್ಲಿ ಕಾಣುತ್ತದೆ. ಎರಡನೆಯದಾದರೆ ನಾನು ಆ ಬಾಲವನ್ನು ಸ್ವಲ್ಪ ಹೆಚ್ಚು ನಂಬುತ್ತೇನೆ. ಮೊದಲನೆಯದು ಒಂದೇ ದೊಡ್ಡ ಮಾರಾಟದ ಆರ್ಡರ್‌ನಿಂದಲೂ ಆಗಿರಬಹುದು.

ಈಗ ನಾನು ಮಾಡುವುದು ಇಷ್ಟು. 412-415-396-413ರಂಥ ಕ್ಯಾಂಡಲ್ 3:30ರ ನಂತರವೂ ಹಾಗೇ ಉಳಿದರೆ, ಮರುದಿನದ ಬೆಲೆ 415ರ ಮೇಲೆ ಮುಗಿಯುತ್ತದಾ ಅಂತ ಕಾಯುತ್ತೇನೆ. 396ರ ಕೆಳಗೆ ಮುಗಿದರೆ ಆ ಹ್ಯಾಮರ್ ಸತ್ತಿತು ಅಂತ ಲೆಕ್ಕ. ಸಮಸ್ಯೆ ಏನೆಂದರೆ ಬಾಲ ಉದ್ದವಾದಷ್ಟೂ ಸ್ಟಾಪ್‌ಲಾಸ್, ಅಂದರೆ ನಷ್ಟ ತಡೆಯಲಿಕ್ಕೆ ಮಾರಿಬಿಡುವ ಬೆಲೆ, ದೂರ ಹೋಗುತ್ತದೆ: 416ಕ್ಕೆ ಕೊಂಡು 395ಕ್ಕೆ ಸ್ಟಾಪ್ ಇಟ್ಟರೆ ಶೇರಿಗೆ 21 ರೂಪಾಯಿ, 100 ಶೇರಿಗೆ 2,100 ರೂಪಾಯಿ. ಬೆಳಿಗ್ಗೆ ಬೆಲೆ 395ಕ್ಕಿಂತಲೂ ಕೆಳಗೇ ತೆರೆದರೆ ನಷ್ಟ ಅದಕ್ಕಿಂತ ಹೆಚ್ಚು. ನನಗೆ ಅಷ್ಟು ತಡೆಯುವುದಿಲ್ಲ, ಹಾಗಾಗಿ ಇಂಥದ್ದರಲ್ಲಿ 40 ಶೇರಿಗಿಂತ ಜಾಸ್ತಿ ಮುಟ್ಟುವುದಿಲ್ಲ.