ಇನ್ವರ್ಟರ್‌ನ 180 ವೋಲ್ಟ್ ಮತ್ತು ಸಿಗದ ಆ ಕ್ಷಣ

ಮಾನ್ಯ ಸಂಪಾದಕರೇ,
ನಮ್ಮ ಮನೆಯ ಹಳೆಯ ಇನ್ವರ್ಟರ್‌ಗೆ ಮೀಟರ್ ಹಿಡಿದರೆ 180 ವೋಲ್ಟ್ ತೋರಿಸುತ್ತದೆ. ಕರೆಂಟು ಬಂದ ಮೇಲೆ ಅದೇ ಮೀಟರ್ ಸರಿಯಾಗಿ 230 ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಆಗಿರುವ ನಮ್ಮಣ್ಣ, ‘ಈ ಮೀಟರ್ ನೋಡೋದು ಬರೀ ಸರಾಸರಿ, ಇನ್ವರ್ಟರ್‌ಗೆ ಏನೂ ಆಗಿಲ್ಲ’ ಅನ್ನುತ್ತಾನೆ. ಸರಾಸರಿ ಮೌಲ್ಯವನ್ನು ಫಲನ ಯಾವುದಾದರೂ ಒಂದು ಕ್ಷಣದಲ್ಲಿ ಮುಟ್ಟಲೇಬೇಕು ಎಂದು ನಮ್ಮ ಪಠ್ಯದಲ್ಲಿದೆ. ಹಾಗಾದರೆ ಇಲ್ಲಿ ಆ ಕ್ಷಣ ಯಾವುದು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ನಿಮ್ಮಣ್ಣ ಹೇಳಿದ್ದು ಸರಿ. ಮೊದಲು ಗೋಡೆಯ ಪ್ಲಗ್ಗಿನಲ್ಲಿ ಬರುವ ಕರೆಂಟನ್ನೇ ನೋಡೋಣ. ಅದರ ವೋಲ್ಟೇಜ್ ಸೈನ್ ಅಲೆಯಂತೆ ಏರಿಳಿಯುತ್ತದೆ. ತುದಿಯಲ್ಲಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಸೆಕೆಂಡಿಗೆ 50 ಆವರ್ತ, ಅಂದರೆ ಅರ್ಧ ಆವರ್ತಕ್ಕೆ 10 ಮಿಲಿಸೆಕೆಂಡ್. ಇಡೀ ಆವರ್ತದ ಸರಾಸರಿ ತೆಗೆದರೆ ಮೇಲಿನ ಗುಡ್ಡವನ್ನು ಕೆಳಗಿನ ಗುಂಡಿ ನುಂಗಿ ಸೊನ್ನೆ ಬರುತ್ತದೆ. ಆದ್ದರಿಂದ ಕಡಿಮೆ ಬೆಲೆಯ ಮೀಟರ್ ಅಲೆಯ ಕೆಳಭಾಗವನ್ನು ಮೇಲಕ್ಕೆ ಮಗುಚಿ, ಆಮೇಲೆ ಸರಾಸರಿ ನೋಡುತ್ತದೆ. ನಿಮ್ಮ ಪಠ್ಯದ ಸೂತ್ರ ಇದೇ:

(1/(b − a)) ∫ₐᵇ f(t) dt

ಅರ್ಧ ಆವರ್ತಕ್ಕೆ ಇದು 325 × 2/π, ಅಂದರೆ ಸುಮಾರು 207 ವೋಲ್ಟ್. ಈ 207ನ್ನು ಅಲೆ ಖಂಡಿತ ಮುಟ್ಟುತ್ತದೆ: ಏರುವಾಗ ಸುಮಾರು 2.2 ಮಿಲಿಸೆಕೆಂಡಿನಲ್ಲಿ, ಇಳಿಯುವಾಗ 7.8ರಲ್ಲಿ. ಎರಡು ಸಲ ಮುಟ್ಟಿದರೂ ಪ್ರಮೇಯಕ್ಕೆ ಅಡ್ಡಿಯಿಲ್ಲ. ಕನಿಷ್ಠ ಒಂದು ಸಲ ಎಂದಷ್ಟೇ ಅದು ಹೇಳುವುದು. ಆ ಕ್ಷಣ ಅಂತರಾಲದ ನಟ್ಟನಡುವೆ ಇರಬೇಕೆಂದೂ ಅದು ಹೇಳುವುದಿಲ್ಲ. ಇಲ್ಲಿ ನಟ್ಟನಡುವೆ, 5 ಮಿಲಿಸೆಕೆಂಡಿನಲ್ಲಿ, ಇರುವುದು 325 ವೋಲ್ಟಿನ ತುದಿ.

ಆದರೆ ಮೀಟರ್ 207 ತೋರಿಸುವುದಿಲ್ಲ, 230 ತೋರಿಸುತ್ತದೆ. ಈ 230 ಇನ್ನೊಂದು ಸರಾಸರಿಯಿಂದ ಬಂದದ್ದು. ಬಲ್ಬಾಗಲಿ ಹೀಟರ್ ಆಗಲಿ ಬಿಸಿಯಾಗುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ಹಾಗಾಗಿ V²ದ ಸರಾಸರಿ ತೆಗೆದು ಅದರ ವರ್ಗಮೂಲ ಹಿಡಿಯುತ್ತಾರೆ. ಆರ್‌ಎಂಎಸ್ ಎನ್ನುವುದು ಅದನ್ನೇ. ಸೈನ್ ಅಲೆಗೆ ಅದು 325/√2, ಸುಮಾರು 230. ಮೊದಲ ಸರಾಸರಿಗೂ ಇದಕ್ಕೂ ಇರುವ ಅನುಪಾತ 1.11. ಮೀಟರ್ ತಯಾರಿಸಿದವರು ಆ 1.11ನ್ನು ಒಳಗೇ ಕೂರಿಸಿಬಿಟ್ಟಿದ್ದಾರೆ: ಸಿಕ್ಕ ಸರಾಸರಿಯನ್ನು ಅದರಿಂದ ಗುಣಿಸಿ ತೋರಿಸುತ್ತದೆ. ಎದುರಿಗಿರುವುದು ಸೈನ್ ಅಲೆಯೇ ಆಗಿದ್ದರೆ ಲೆಕ್ಕ ಸರಿ, ಬೇರೆ ಅಲೆಯಾದರೆ ತಪ್ಪು.

ಹಳೆಯ ಇನ್ವರ್ಟರ್‌ಗಳು ಕೊಡುವುದು ಹೆಚ್ಚಾಗಿ ಚೌಕ ಅಲೆ, ಇಲ್ಲವೇ ನಡುವೆ ಸೊನ್ನೆಯ ತಂಗುದಾಣವಿರುವ ಮೆಟ್ಟಿಲು ಅಲೆ. ನಿಮ್ಮದು ಮೆಟ್ಟಿಲಿನದು ಎಂದಿಟ್ಟುಕೊಳ್ಳಿ: ಹತ್ತು ಮಿಲಿಸೆಕೆಂಡಿನಲ್ಲಿ ಐದು ಮಿಲಿಸೆಕೆಂಡ್ 325 ವೋಲ್ಟ್, ಉಳಿದ ಐದು ಸೊನ್ನೆ. ಸರಾಸರಿ 162.5. ಮೀಟರ್ ಅದನ್ನು 1.11ರಿಂದ ಗುಣಿಸಿ 180 ಎನ್ನುತ್ತದೆ. ಇನ್ನು V²ದ ಸರಾಸರಿ 325²ರ ಅರ್ಧ, ಅದರ ವರ್ಗಮೂಲ 230. ಅಂದರೆ ಇನ್ವರ್ಟರ್ ಕೊಡಬೇಕಾದ್ದನ್ನೇ ಕೊಡುತ್ತಿದೆ. ತಂಗುದಾಣವೇ ಇಲ್ಲದ ಪೂರ್ತಿ ಚೌಕ ಅಲೆಯಾದರೆ ತಪ್ಪು ತಿರುಗಾಮುರುಗಾ: ಎರಡೂ ಸರಾಸರಿ ಒಂದೇ ಆಗುವುದರಿಂದ ಮೀಟರ್ ನಿಜಕ್ಕಿಂತ ಶೇ. 11ರಷ್ಟು ಹೆಚ್ಚು ತೋರಿಸುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಾಗದದ ಮೇಲೆ ಬರೆದ ಈ ಮೆಟ್ಟಿಲು ಅಲೆಯಲ್ಲಿ ಇರುವುದು 0 ಮತ್ತು 325 ಮಾತ್ರ. 162.5 ಎಲ್ಲೂ ಇಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ. 230 ಕೂಡ ಇಲ್ಲ. ಪ್ರಮೇಯ ಸುಳ್ಳಾಯಿತೇ? ಇಲ್ಲ. ಫಲನ [a, b]ಯಲ್ಲಿ ಅವಿಚ್ಛಿನ್ನವಾಗಿರಬೇಕು ಎಂಬ ಷರತ್ತು ಪಠ್ಯದ ಅದೇ ವಾಕ್ಯದಲ್ಲಿದೆ, ಓದುವಾಗ ಕಣ್ಣು ಅದನ್ನು ದಾಟಿ ಹೋಗುತ್ತದೆ. ಸಾಧನೆಯನ್ನು ನೋಡಿದರೆ ಅದು ಯಾಕೆ ಬೇಕೆಂದು ತಿಳಿಯುತ್ತದೆ. ಫಲನದ ಕನಿಷ್ಠ m, ಗರಿಷ್ಠ M ಆದರೆ ಅನುಕಲನ m(b − a) ಮತ್ತು M(b − a) ನಡುವೆ ಬರಲೇಬೇಕು, ಆದ್ದರಿಂದ ಸರಾಸರಿ m ಮತ್ತು M ನಡುವೆ. ಇಲ್ಲಿಯವರೆಗಿನ ಮಾತು ಮೆಟ್ಟಿಲು ಅಲೆಗೂ ಸಲ್ಲುತ್ತದೆ: 162.5 ಇರುವುದು 0 ಮತ್ತು 325ರ ನಡುವೆಯೇ. ಕೊನೆಯ ಹೆಜ್ಜೆ ಬೇರೆ. mನಿಂದ Mಗೆ ಹೋಗುವ ಫಲನ ನಡುವಿನ ಪ್ರತಿ ಮೌಲ್ಯವನ್ನೂ ಹಾದು ಹೋಗುತ್ತದೆ ಎನ್ನಲು ಅವಿಚ್ಛಿನ್ನತೆ ಬೇಕೇ ಬೇಕು. ನೆಗೆಯುವ ಫಲನ ಹಾದು ಹೋಗದೆ ದಾಟಿಬಿಡುತ್ತದೆ.

ನಿಜವಾದ ಇನ್ವರ್ಟರ್‌ನಲ್ಲಿ ಈ ನೆಗೆತಕ್ಕೂ ಒಂದಿಷ್ಟು ಸಮಯ ಬೇಕು. ಒಳಗಿನ ಟ್ರಾನ್ಸಿಸ್ಟರ್ ಎಷ್ಟೇ ಚುರುಕಾಗಿ ಸ್ವಿಚ್ ಆದರೂ ವೋಲ್ಟೇಜ್ ಸೊನ್ನೆಯಿಂದ 325ಕ್ಕೆ ಏರುವ ಗೆರೆ ಪೂರ್ತಿ ನೆಟ್ಟಗಿರುವುದಿಲ್ಲ. ಆಸಿಲೋಸ್ಕೋಪಿನಲ್ಲಿ ಆ ಅಂಚನ್ನು ಹಿಗ್ಗಿಸಿ ನೋಡಿದರೆ ಓರೆ ಕಾಣುತ್ತದೆ. ನೀವು ಕೇಳಿದ ಕ್ಷಣ ಇರುವುದು ಆ ಓರೆಯೊಳಗೆ. ಪ್ರಮೇಯ ಅದು ಇದೆ ಎಂದು ಹೇಳುತ್ತದೆಯೇ ಹೊರತು ಎಷ್ಟು ಹೊತ್ತು ಇರುತ್ತದೆ ಎಂದಲ್ಲ.

ಪರೀಕ್ಷಿಸಿ ನೋಡಬೇಕೆಂದರೆ ಮೀಟರಿನ ಮೇಲೆ TRUE RMS ಎಂದು ಬರೆದಿರುವ ಒಂದನ್ನು ನಿಮ್ಮಣ್ಣನಿಂದಲೇ ತರಿಸಿ, ಅದೇ ಇನ್ವರ್ಟರ್‌ಗೆ ಅವರಿಂದಲೇ ಹಿಡಿಸಿ. ಅದು 230ರ ಆಸುಪಾಸು ತೋರಿಸಿದರೆ ಈ ಲೆಕ್ಕ ಸರಿ. ಅದೂ 180 ಎಂದರೆ ಇನ್ವರ್ಟರ್ ನಿಜಕ್ಕೂ ಕಡಿಮೆ ಕೊಡುತ್ತಿದೆ, ಆಗ ಬ್ಯಾಟರಿಯನ್ನು ನೋಡಿಸಿ.