ಮಳೆನೀರಲ್ಲಿ ನಡೆದ ಮೇಲೆ ಬಂದ ಜ್ವರ

ಪ್ರಶ್ನೆ: ಡಾಕ್ಟ್ರೇ, ನಾನಿರೋದು ಮುಂಬೈನ ಸಯನ್‌ನಲ್ಲಿ. ಹೋದ ವಾರ ಮೊಣಕಾಲುದ್ದ ನೀರಲ್ಲಿ ನಡೆದು ಮನೆಗೆ ಬಂದೆ. ಹಿಮ್ಮಡಿ ಒಡೆದಿತ್ತು. ನಿನ್ನೆಯಿಂದ ಜ್ವರ, ಮೀನಖಂಡ ಮುಟ್ಟೋಕಾಗದಷ್ಟು ನೋವು. ಮಾತ್ರೆ ನುಂಗಿ ಎರಡು ದಿನ ನೋಡ್ಲಾ?

ಉತ್ತರ: ಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ. ಕಣ್ಣಾರೆ ನೋಡದೆ ಇದೇ ಕಾಯಿಲೆ ಅಂತ ನಾನು ಹೇಳಲಾರೆ. ಮಲೇರಿಯಾ, ಡೆಂಗಿಯೂ ಹೀಗೇ ಶುರುವಾಗುತ್ತವೆ. ಆದರೆ ಇಲ್ಲಿ ಇಲಿಜ್ವರದ ಅನುಮಾನ ಜಾಸ್ತಿ. ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರಿನಿಂದ ಅದರ ಬ್ಯಾಕ್ಟೀರಿಯಾ ಒಡೆದ ಚರ್ಮದ ಮೂಲಕ ಒಳಗೆ ಸೇರುತ್ತದೆ. ಜ್ವರ ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಬರುತ್ತದೆ.

ನೀರಲ್ಲಿ ನಡೆದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಶುರುವಿನ ದಿನಗಳಲ್ಲಿ ಇದರ ರಕ್ತಪರೀಕ್ಷೆ ನೆಗೆಟಿವ್ ಬರಬಹುದು. ಹಾಗಾಗಿ ಎಷ್ಟೋ ಸಲ ಅನುಮಾನದ ಮೇಲೇ ಆಂಟಿಬಯೋಟಿಕ್ ಶುರು ಮಾಡಬೇಕಾಗುತ್ತದೆ.

ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರ ಬೇಡವೇ ಬೇಡ. ಇಲಿಜ್ವರವಾಗಿದ್ದರೆ ಕಿಡ್ನಿಗೆ ಪೆಟ್ಟು, ಡೆಂಗಿಯಾಗಿದ್ದರೆ ರಕ್ತಸ್ರಾವದ ಭಯ.

ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಏದುಸಿರು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ.