ಡೆಲಿವರಿ ಕೆಲಸವನ್ನು ಬಯೋಡೇಟಾದಲ್ಲಿ ಹೇಗೆ ಬರೆಯೋದು?

ಪ್ರಶ್ನೆ: ಮಡಿಕೇರಿಯಲ್ಲಿ ಎರಡು ವರ್ಷದಿಂದ ಫುಡ್ ಡೆಲಿವರಿ ಮಾಡ್ತಿದ್ದೇನೆ. ಪಿಯುಸಿ ಆಗಿದೆ. ಈಗ ಕುಶಾಲನಗರದಲ್ಲಿ ಒಂದು ಗೋದಾಮಿನ ಕೆಲಸಕ್ಕೆ ಅರ್ಜಿ ಹಾಕಬೇಕು. ಸಂಬಳದ ಚೀಟಿ ಇಲ್ಲ, ಅನುಭವ ಪತ್ರ ಇಲ್ಲ. ಇದನ್ನು ಅನುಭವ ಅಂತ ತೋರಿಸಬಹುದಾ, ಇಲ್ಲ ಫ್ರೆಶರ್ ಅಂತ ಬರೆಯಲಾ?

ಉತ್ತರ:

ಫ್ರೆಶರ್ ಅಂತ ಬರೆಯಬೇಡಿ. ಆದರೆ ಆ ಕಂಪನಿಯ ನೌಕರನಾಗಿದ್ದೆ ಅಂತಲೂ ಬರೆಯಬೇಡಿ. ಎರಡನೆಯ ತಪ್ಪು ನಾನೇ ಮಾಡಿದ್ದೆ.

ನಾನೂ ಮಡಿಕೇರಿಯಲ್ಲೇ ಬೈಕ್ ಓಡಿಸಿದವನು, ಜೂನ್ 2022ರಿಂದ ಜುಲೈ 2024ರ ತನಕ. ಮೊದಲು ಒಂದು ರೆಸಾರ್ಟ್‌ಗೆ ಅರ್ಜಿ ಹಾಕಿದಾಗ 'ಡೆಲಿವರಿ ಎಕ್ಸಿಕ್ಯುಟಿವ್' ಅಂತ ಹುದ್ದೆ, ಪಕ್ಕದಲ್ಲಿ ಆ್ಯಪ್ ಕಂಪನಿಯ ಹೆಸರು ಹಾಕಿ ಕೊಟ್ಟೆ. ಸಂದರ್ಶನ ಚೆನ್ನಾಗಿಯೇ ಆಯ್ತು. ಆಮೇಲೆ ಅವರ ಪರಿಶೀಲನೆಯವರು ವಿಚಾರಿಸಿದರೆ, ಈ ಹೆಸರಿನ ನೌಕರ ನಮ್ಮಲ್ಲಿಲ್ಲ ಅಂತ ಉತ್ತರ ಬಂತು. ಅವರು ಹೇಳಿದ್ದು ಸುಳ್ಳಲ್ಲ. ನಾವು ಸಹಿ ಹಾಕಿದ ಒಪ್ಪಂದದಲ್ಲಿ ನಾವು 'ಪಾರ್ಟ್ನರ್'. ಸಾಮಾಜಿಕ ಭದ್ರತಾ ಸಂಹಿತೆ, 2020 ಕೂಡ ಗಿಗ್ ಕೆಲಸಗಾರರನ್ನು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವರು ಅಂತಲೇ ಹೇಳುತ್ತದೆ. ಎರಡು ವರ್ಷ ಮಳೆಯಲ್ಲಿ ನೆಂದು ದುಡಿದವನು ಕಾಗದದ ಮೇಲೆ ಸುಳ್ಳುಗಾರನಾದೆ, ಕೆಲಸ ಕೈತಪ್ಪಿತು.

ಎರಡನೇ ಸಲ ಕೂಡ್ಲೂರು ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಸ್ಟೋರ್ ಅಸಿಸ್ಟೆಂಟ್ ಕೆಲಸಕ್ಕೆ ಹೋದಾಗ ಹೀಗೆ ಬರೆದೆ:

"ಫುಡ್ ಡೆಲಿವರಿ ಪಾರ್ಟ್ನರ್ (ಸ್ವತಂತ್ರ ಕೆಲಸ, ಆ್ಯಪ್ ಮೂಲಕ), ಮಡಿಕೇರಿ, ಜೂನ್ 2022 – ಜುಲೈ 2024. 113 ವಾರಗಳಲ್ಲಿ 104 ವಾರ ಕೆಲಸ, ಸುಮಾರು 6,800 ಆರ್ಡರ್. ದಿನಕ್ಕೆ 3,000 ರೂ. ತನಕ ನಗದು ವಸೂಲಿ, ಬಿಟ್ಟಾಗ ಬಾಕಿ ಇಲ್ಲ. ದಾಖಲೆ: ವಾರದ ಪಾವತಿ ವಿವರ, ಪಾಸ್‌ಬುಕ್, 26AS."

ರೇಟಿಂಗ್ ಬರೆಯಲಿಲ್ಲ, ಗಮನಿಸಿ. ಕಾಫಿ ವರ್ಕ್ಸ್‌ನ ಮ್ಯಾನೇಜರ್‌ಗೆ 4.8 ಅಂದರೆ ಏನು ಅರ್ಥ ಆಗಬೇಕು? ಈ ಹುಡುಗ ದಿನಾ ಬರ್ತಾನಾ, ಲೆಕ್ಕದಲ್ಲಿ ನೆಟ್ಟಗಿದ್ದಾನಾ, ಇವೆರಡೇ ಅವರಿಗೆ ಬೇಕಾದದ್ದು.

ದಿನಾ ಬರ್ತೀರಿ ಅನ್ನೋದಕ್ಕೆ ಸಾಕ್ಷಿ ನಿಮ್ಮ ಪಾಸ್‌ಬುಕ್ಕಿನಲ್ಲೇ ಇದೆ. ವಾರಕ್ಕೊಮ್ಮೆ ದುಡ್ಡು ಜಮಾ ಆಗಿರುತ್ತಲ್ಲ, ಅದನ್ನು ಎಣಿಸಿ. ನನಗೆ 104 ಸಿಕ್ಕಿತು. ಉಳಿದ 9 ವಾರ ಎಲ್ಲಿ ಹೋಯ್ತು ಅಂತಲೂ ಒಂದು ಚೀಟಿಯಲ್ಲಿ ಬರೆದುಕೊಂಡೆ: 4 ವಾರ ಮನೆಯ ರೊಬಸ್ಟಾ ಕುಯ್ಲು, 3 ವಾರ ಜುಲೈ–ಆಗಸ್ಟ್ ಮಳೆ, 2 ವಾರ ಬೈಕಿನ ಇಂಜಿನ್ ಕೆಲಸ. ಮ್ಯಾನೇಜರ್ ಅದನ್ನೇ ಕೇಳಿದರು. "ನಿಮ್ಮದು ಇಷ್ಟ ಬಂದಾಗ ಲಾಗಿನ್ ಆಗೋ ಕೆಲಸ ಅಲ್ವಾ? ಇಲ್ಲಿ ಎಂಟೂವರೆಗೆ ಗೇಟಲ್ಲಿ ಇರಬೇಕು." ನಾನು ಚೀಟಿ ಮುಂದಿಟ್ಟೆ. ಕುಯ್ಲಿನ ಸಾಲು ಓದಿ ನಕ್ಕರು. ಕೊಡಗಿನಲ್ಲಿ ಆ ಕಾರಣಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಪಾಸ್‌ಬುಕ್ಕಿಗಿಂತ ಗಟ್ಟಿ ಸಾಕ್ಷಿ ಆದಾಯ ತೆರಿಗೆ ಪೋರ್ಟಲ್‌ನ 26AS. ಕಂಪನಿ ನಿಮ್ಮ ಪಾನ್ ಮೇಲೆ ಟಿಡಿಎಸ್ ಹಿಡಿದಿದ್ದರೆ ಅದರಲ್ಲಿ ಕಂಪನಿಯ ಹೆಸರು, ಕೊಟ್ಟ ಮೊತ್ತ, ತಾರೀಖು ಎಲ್ಲ ಬರುತ್ತೆ. ಅದನ್ನು ನಾವು ತಯಾರು ಮಾಡಿದ್ದಲ್ಲ, ಹಾಗಾಗಿ ಯಾರೂ ಅನುಮಾನ ಪಡಲ್ಲ. ಟಿಡಿಎಸ್ ಹಿಡಿದಿಲ್ಲ ಅಂದರೆ ಏನೂ ಇರಲ್ಲ, ಆಗ ಪಾಸ್‌ಬುಕ್ಕೇ ಗತಿ. ಒಂದು ಮಾತು: ಅಣ್ಣನದೋ ಗೆಳೆಯನದೋ ಐಡಿಯಲ್ಲಿ ಓಡಿಸಿದ ತಿಂಗಳುಗಳಿದ್ದರೆ ಅವನ್ನು ಲೆಕ್ಕಕ್ಕೆ ಸೇರಿಸಬೇಡಿ. ದಾಖಲೆ ಅವರ ಹೆಸರಲ್ಲಿರುತ್ತೆ, ನಿಮ್ಮ ಉಳಿದ ತಿಂಗಳುಗಳ ಮೇಲೂ ಅನುಮಾನ ಬರುತ್ತೆ.

ಇನ್ನು ನಗದು. ಗೋದಾಮಿನವರಿಗೆ ನಿಮ್ಮ ಕೆಲಸದಲ್ಲಿ ತಟ್ಟನೆ ಅರ್ಥ ಆಗೋದು ಇದೇ. ಗಿರಾಕಿ ಕೈಯಿಂದ ದುಡ್ಡು ತಗೊಂಡು, ಆ್ಯಪ್ ತೋರಿಸಿದ ಮೊತ್ತಕ್ಕೆ ತಾಳೆ ನೋಡಿ, ಕಟ್ಟಿ ಬರ್ತಿದ್ದೀರಿ. ಕಾಫಿ ವರ್ಕ್ಸ್‌ನಲ್ಲಿ ಲಾರಿಯಿಂದ ಇಳಿದ ಚೆರ್ರಿ, ಪಾರ್ಚ್‌ಮೆಂಟ್ ಚೀಲಗಳನ್ನು ಎಣಿಸಿ ತೂಕದ ಚೀಟಿಗೆ ತಾಳೆ ನೋಡಬೇಕು. ಎರಡೂ ಒಂದೇ ಜಾತಿಯ ಕೆಲಸ. ನನ್ನದರಲ್ಲೂ ಒಂದು ಕಪ್ಪು ಚುಕ್ಕೆ ಇತ್ತು. ಒಂದು ಮಳೆಗಾಲ ಕರೆಂಟ್, ನೆಟ್‌ವರ್ಕ್ ಎರಡೂ ಹೋಗಿ ನಗದು ಕಟ್ಟೋಕೆ ಆಗಲಿಲ್ಲ. ಕೈಯಲ್ಲಿರುವ ದುಡ್ಡು ಮಿತಿ ದಾಟಿದ ಕೂಡಲೇ ಆ್ಯಪ್ ಆರ್ಡರ್ ಕೊಡೋದು ನಿಲ್ಲಿಸಿತು, ಮೂರು ದಿನ ಸುಮ್ಮನೆ ಕೂತೆ. ಏನಾದರೂ ತೊಂದರೆ ಆಗಿತ್ತಾ ಅಂತ ಕೇಳಿದಾಗ ಇದನ್ನೇ ಹೇಳಿದೆ, ಪೂರ್ತಿ ಕಟ್ಟಿದ ಪುಟವನ್ನೂ ತೋರಿಸಿದೆ.

ಹಿಂದಿನ ಸಂಬಳ ಎಷ್ಟು ಅನ್ನೋ ಖಾನೆಯಲ್ಲಿ ಬಹಳ ಜನ ಎಡವುತ್ತಾರೆ. ವಾರಕ್ಕೆ ನನಗೆ ಸರಾಸರಿ 4,200 ರೂ. ಬರ್ತಿತ್ತು. ಅದನ್ನು ತಿಂಗಳಿಗೆ ಲೆಕ್ಕ ಹಾಕಿದರೆ 18,000 ದಾಟುತ್ತೆ, ಕೇಳೋಕೆ ಚೆಂದ. ಆದರೆ ಪೆಟ್ರೋಲ್ 1,100, ಟೈರು, ಆಯಿಲ್, ಬ್ರೇಕ್ ಶೂ ಅಂತ 300 ಕಳೆದರೆ ವಾರಕ್ಕೆ ಉಳಿಯೋದು 2,800, ಅಂದರೆ ತಿಂಗಳಿಗೆ ಸುಮಾರು 12,000. ನಮ್ಮ ಏರಿಳಿತದ ರಸ್ತೆಯಲ್ಲಿ ಬ್ರೇಕ್ ಶೂ ಎಷ್ಟು ಬೇಗ ಸವೆಯುತ್ತೆ ಅಂತ ನಿಮಗೇ ಗೊತ್ತು. ನಾನು "ಖರ್ಚು ಕಳೆದು ಸುಮಾರು 12,000, ಸಂಬಳವಲ್ಲ, ಪಾವತಿ" ಅಂತ ಬರೆದೆ. 18,000 ಅಂತ ಬರೆದಿದ್ದರೆ ಸಂಬಳದ ಚೀಟಿ ಕೇಳುತ್ತಿದ್ದರು.

ಅನುಭವ ಪತ್ರದ ಬದಲು, ನೀವು ದಿನಾ ಊಟ ಎತ್ತಿಕೊಳ್ಳುವ ಹೋಟೆಲ್ ಮಾಲೀಕರ ಹತ್ತಿರ ಅವರ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ. ಅವರು ನಿಮ್ಮ ಮಾಲೀಕರಲ್ಲ, ಹಾಗಾಗಿ ಅವರು ಕಂಡದ್ದಷ್ಟೇ ಇರಲಿ: ಎಷ್ಟು ದಿನದಿಂದ ಪರಿಚಯ, ಹೊತ್ತಿಗೆ ಬರ್ತೀರಾ, ಪಾರ್ಸಲ್ ಜೋಪಾನ ಮಾಡ್ತೀರಾ. ಕೆಳಗೆ ಫೋನ್ ನಂಬರ್. ನನ್ನ ವಿಷಯದಲ್ಲಿ ಮ್ಯಾನೇಜರ್ ನನ್ನೆದುರೇ ಫೋನ್ ಮಾಡಿದರು. ಡಿಟಿಪಿ ಅಂಗಡಿಯಲ್ಲಿ ಕಂಪನಿ ಲೋಗೋ ಹಾಕಿ ಪತ್ರ ಮಾಡಿಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಆ ಕಡೆ ತಲೆ ಹಾಕಬೇಡಿ.

ಕೆಲಸ ಸಿಕ್ಕ ದಿನ ಪಿಎಫ್‌ನ ಫಾರ್ಮ್ 11 ಕೊಡ್ತಾರೆ. ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ ಅಂತ ಅದರಲ್ಲಿ ಕೇಳಿರುತ್ತೆ. ಡೆಲಿವರಿ ಬಿಟ್ಟು ಬೇರೆಲ್ಲೂ ಕೆಲಸ ಮಾಡಿಲ್ಲ ಅಂದರೆ 'ಇಲ್ಲ' ಅಂತ ಬರೆಯಿರಿ. ಇ-ಶ್ರಮ್ ಕಾರ್ಡಿನಲ್ಲಿ ಯುಎಎನ್ ಅಂತ 12 ಅಂಕಿ ಇದೆಯಲ್ಲ, ಅದನ್ನು ಇಲ್ಲಿ ತುಂಬಬೇಡಿ. ಪಿಎಫ್ ಯುಎಎನ್ ಕೂಡ 12 ಅಂಕಿಯದೇ, ಹೆಸರೂ ಒಂದೇ, ಆದರೆ ಎರಡೂ ಬೇರೆ ಬೇರೆ.

ಇವತ್ತೇ ಮಾಡಬೇಕಾದ್ದು ಒಂದಿದೆ. ಐಡಿ ಬಂದ್ ಆದಮೇಲೆ ಆ್ಯಪ್ ಒಳಗೆ ಹೋಗೋಕೇ ಆಗದೆ ಇರಬಹುದು. ಸೇರಿದ ತಾರೀಖು, ಒಟ್ಟು ಆರ್ಡರ್, ವಾರದ ಪಾವತಿ, ನಗದು ಬಾಕಿ ಶೂನ್ಯ ಅಂತ ತೋರಿಸುವ ಪುಟ, ಇವಿಷ್ಟನ್ನೂ ನಿಮ್ಮ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಿಮಗೇ ಮೇಲ್ ಮಾಡಿಕೊಳ್ಳಿ. ನಾನು ಆರ್ಡರ್ ಲೆಕ್ಕದ ಪುಟ ತೆಗೆಯೋಕೆ ಮರೆತಿದ್ದೆ. ಆ 6,800 ಅನ್ನೋದನ್ನು ಪಾವತಿ ವಿವರಗಳಿಂದ ಎರಡು ರಾತ್ರಿ ಕೂತು ಕೂಡಿದ್ದು, ಅದಕ್ಕೇ 'ಸುಮಾರು' ಅಂತ ಬರೆದದ್ದು.